ಬಿದ್ದ ಮೇಲೆ ಹೆಗಲ ತುದಿಯಲ್ಲಿ ನೋವು: ಸ್ಲಿಂಗ್ ಕಟ್ಟುವುದು, ಕಳಚುವುದು, ಮತ್ತೆ ಭಾರ ಎತ್ತುವುದು

ಮಳೆಯಲ್ಲಿ ಸ್ಕೂಟರ್ ಜಾರಿಯೋ, ಬಚ್ಚಲಲ್ಲಿ ಕಾಲು ತಪ್ಪಿಯೋ, ಕಬಡ್ಡಿ ಅಂಕಣದಲ್ಲಿ ಮಗುಚಿಯೋ ಹೆಗಲ ಮೇಲೆಯೇ ಬಿದ್ದವರ ಕಥೆ ಹೆಚ್ಚುಕಡಿಮೆ ಒಂದೇ ತರಹ ಇರುತ್ತದೆ. ಎಕ್ಸ್‌ರೇ ತೆಗೆಸುತ್ತಾರೆ. "ಮೂಳೆ ಮುರಿದಿಲ್ಲ, ಬರೀ ಉಳುಕು" ಎನ್ನುವ ಮಾತು ಸಿಗುತ್ತದೆ. ಮೆಡಿಕಲ್ ಶಾಪಿನಲ್ಲಿ ಒಂದು ಆರ್ಮ್ ಪೌಚ್, ಅಂದರೆ ಚೀಲದಂತಹ ಸ್ಲಿಂಗ್, ಕೊಂಡು ಕೊರಳಿಗೆ ತಗುಲಿಸಿಕೊಂಡು ಮನೆಗೆ ಬರುತ್ತಾರೆ. ಅದನ್ನು ಹೇಗೆ ಹಾಕಬೇಕು, ಯಾವಾಗ ತೆಗೆಯಬೇಕು ಎಂದು ಯಾರೂ ತೋರಿಸಿರುವುದಿಲ್ಲ.

ಆಮೇಲೆ ತೊಂದರೆ ಎರಡು ದಾರಿಯಲ್ಲಿ ಬರುತ್ತದೆ. ಕೆಲವರು ನಾಲ್ಕನೇ ದಿನಕ್ಕೆ ಪೌಚ್ ಬಿಸಾಕಿ ಬಕೆಟ್ ಎತ್ತುತ್ತಾರೆ, ನೋವು ತಿಂಗಳುಗಟ್ಟಲೆ ಎಳೆಯುತ್ತದೆ. ಇನ್ನು ಕೆಲವರು ಹೆದರಿಕೊಂಡು ಒಂದೂವರೆ ತಿಂಗಳು ಕೈಯನ್ನು ಕಟ್ಟಿಯೇ ಇಡುತ್ತಾರೆ, ಹೆಗಲು ಮರಗಟ್ಟಿಹೋಗುತ್ತದೆ. ಪೆಟ್ಟು ಇಬ್ಬರಿಗೂ ಒಂದೇ. ಹಂತಗಳ ಕ್ರಮವೇ ತಪ್ಪಿರುತ್ತದೆ.

ಪೆಟ್ಟು ಬಿದ್ದಿರುವುದು ಎಲ್ಲಿಗೆ ಎಂಬುದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಕೊರಳ ಬುಡದಿಂದ ಹೊರಟ ಕಾಲರ್ ಬೋನ್ ಹೆಗಲ ತುದಿಗೆ ಬಂದು, ಬೆನ್ನಿನ ರೆಕ್ಕೆ ಮೂಳೆಯ ಚಾಚಿಗೆ ಸೇರುತ್ತದೆ. ಅಲ್ಲಿರುವ ಪುಟ್ಟ ಕೀಲಿಗೆ ಡಾಕ್ಟರುಗಳು ಎಸಿ ಜಾಯಿಂಟ್ ಎನ್ನುತ್ತಾರೆ. ಅದನ್ನು ಎರಡು ಜೊತೆ ಲಿಗಮೆಂಟುಗಳು, ಅಂದರೆ ಮೂಳೆಗೆ ಮೂಳೆ ಕಟ್ಟುವ ಪಟ್ಟಿಗಳು, ಹಿಡಿದಿವೆ. ಒಂದು ಜೊತೆ ಕೀಲಿನ ಮೇಲೆಯೇ ಇದೆ. ಇನ್ನೊಂದು, ಹೆಚ್ಚು ಗಟ್ಟಿಯಾದದ್ದು, ಸ್ವಲ್ಪ ಒಳಗಡೆ ಕಾಲರ್ ಬೋನನ್ನು ಕೆಳಗಿನ ಮೂಳೆಗೆ ಕಟ್ಟಿಹಾಕಿದೆ. ಇಡೀ ತೋಳಿನ ಭಾರ ಕಾಲರ್ ಬೋನಿಗೆ ತೂಗಿಬಿದ್ದಿರುವುದು ಈ ಜಾಗದಲ್ಲಿ. ಇಲ್ಲಿ ಲಿಗಮೆಂಟ್ ಹರಿದಾಗ ಕೈ ಇಳಿಬಿಟ್ಟು ನಿಂತರೂ ಸಾಕು, ತೋಳಿನ ತೂಕವೇ ಗಾಯವನ್ನು ಎಳೆಯುತ್ತಿರುತ್ತದೆ. ಆ ತೂಕವನ್ನು ಕೆಲವು ದಿನ ಹೊರುವುದು ಸ್ಲಿಂಗಿನ ಕೆಲಸ. ಹೆಗಲನ್ನು ಅಲ್ಲಾಡದಂತೆ ಬಂಧಿಸುವುದು ಅದರ ಕೆಲಸವಲ್ಲ.

ಒಬ್ಬರನ್ನು ಉದಾಹರಣೆಗೆ ಇಟ್ಟುಕೊಂಡು ಹೋಗೋಣ. ವಯಸ್ಸು 42, ಪ್ರಾಥಮಿಕ ಶಾಲೆಯ ಶಿಕ್ಷಕಿ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಕೆಸರಿನಲ್ಲಿ ಸ್ಕೂಟರ್ ಜಾರಿ ಬಲ ಹೆಗಲ ಮೇಲೆ ಬಿದ್ದಿದ್ದಾರೆ. ಎಕ್ಸ್‌ರೇಯಲ್ಲಿ ಎರಡನೇ ದರ್ಜೆಯ ಉಳುಕು ಎಂದು ಬಂದಿದೆ. ಟೀಚರ್ ಎಂದೇ ಕರೆಯೋಣ.

## ಹಂತ 1: ನೋವು ನಿಜವಾಗಿ ಎಲ್ಲಿದೆ ನೋಡಿ

ಕನ್ನಡಿ ಮುಂದೆ ಕುಳಿತು, ಪೆಟ್ಟಾದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಇನ್ನೊಂದು ಕೈಯ ಒಂದೇ ಬೆರಳಿನಿಂದ ನೋವಿನ ಜಾಗ ತೋರಿಸಿ. ಎಸಿ ಜಾಯಿಂಟಿನ ಪೆಟ್ಟಾದರೆ ಬೆರಳು ನೇರವಾಗಿ ಹೆಗಲ ತುದಿಯ ಮೇಲ್ಭಾಗಕ್ಕೆ, ಕಾಲರ್ ಬೋನ್ ಮುಗಿಯುವಲ್ಲಿಗೆ ಹೋಗುತ್ತದೆ. ಒತ್ತಿದರೆ ಅಲ್ಲೇ ಚುಚ್ಚುತ್ತದೆ. ಕಾಲರ್ ಬೋನಿನ ತುದಿ ಸ್ವಲ್ಪ ಮೇಲೆದ್ದು ಗಂಟಿನಂತೆಯೋ ಮೆಟ್ಟಿಲಿನಂತೆಯೋ ಕಾಣಬಹುದು. ಕೈಯನ್ನು ಎದೆಯ ಮೇಲೆ ಇನ್ನೊಂದು ಹೆಗಲ ಕಡೆಗೆ ಒಯ್ಯುವಾಗ ನೋವು ಹೆಚ್ಚುವುದೂ ಇದರ ಗುರುತೇ. ಆದರೆ ಮೊದಲ ದಿನ ಅದನ್ನು ಪರೀಕ್ಷೆ ಮಾಡಿ ನೋಡುವ ಅಗತ್ಯವಿಲ್ಲ.

ನೋವು ಕಾಲರ್ ಬೋನಿನ ನಡುವೆ ಇದ್ದು, ಮುಟ್ಟಿದರೆ ಕರಕರ ಎಂದರೆ ಮೂಳೆ ಮುರಿದಿರಬಹುದು. ಹೆಗಲಿನ ದುಂಡು ಆಕಾರವೇ ಹೋಗಿ ಚಪ್ಪಟೆಯಾಗಿ, ತೋಳನ್ನು ಯಾವ ಕಡೆಗೂ ತಿರುಗಿಸಲಾಗದಿದ್ದರೆ ದೊಡ್ಡ ಕೀಲು ಜಾರಿರಬಹುದು. ಇವೆರಡಕ್ಕೂ ಈ ಮಾರ್ಗದರ್ಶಿ ಹೊಂದುವುದಿಲ್ಲ.

ಈ ಕೆಳಗಿನ ಯಾವುದಾದರೂ ಕಂಡರೆ ಮನೆಯಲ್ಲಿ ಕಾಯದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ:

- ಮೂಳೆಯ ತುದಿ ಚರ್ಮವನ್ನು ಒಳಗಿನಿಂದ ಒತ್ತಿ ಬಿಳಿಚಿಸಿದೆ, ಅಥವಾ ಚರ್ಮ ಹರಿದಿದೆ.
- ಕೈ ತಣ್ಣಗಾಗಿದೆ, ಬಣ್ಣಗೆಟ್ಟಿದೆ, ಬೆರಳುಗಳಲ್ಲಿ ಸ್ಪರ್ಶವಿಲ್ಲ ಅಥವಾ ಬಲವಿಲ್ಲ.
- ಉಸಿರಾಡಲು ಕಷ್ಟ, ಉಸಿರೆಳೆದರೆ ಎದೆಯಲ್ಲಿ ಚುಚ್ಚು.
- ತಲೆಗೆ ಪೆಟ್ಟಾಗಿ ವಾಂತಿ ಅಥವಾ ಮಂಪರು. ಕುತ್ತಿಗೆಯ ನಡುಮೂಳೆಯ ಮೇಲೆ ನೋವು.
- ಕಾಲರ್ ಬೋನಿನ ಕೊರಳ ಕಡೆಯ ತುದಿಯಲ್ಲಿ ನೋವು, ಜೊತೆಗೆ ನುಂಗಲು ಅಥವಾ ಉಸಿರಾಡಲು ತೊಡಕು.

ಇನ್ನೊಂದನ್ನು ಬೇರೆಯಾಗಿ ಹೇಳಬೇಕು, ಏಕೆಂದರೆ ಅದು ಎಲ್ಲರ ಕಣ್ಣು ತಪ್ಪಿಸುತ್ತದೆ. ಎಡ ಹೆಗಲ ತುದಿಯಲ್ಲಿ ಜೋರು ನೋವಿದೆ, ಆದರೆ ಅಲ್ಲಿ ಒತ್ತಿದರೆ ನೋವಿಲ್ಲ, ಕೈ ಆಡಿಸಿದರೂ ಹೆಚ್ಚಾಗುವುದಿಲ್ಲ, ಬೀಳುವಾಗ ಹ್ಯಾಂಡಲ್ ಹೊಟ್ಟೆಗೋ ಪಕ್ಕೆಗೋ ಬಡಿದಿತ್ತು. ಹಾಗಿದ್ದರೆ ಅದು ಹೆಗಲಿನ ನೋವೇ ಅಲ್ಲದಿರಬಹುದು. ಹೊಟ್ಟೆಯೊಳಗೆ ಎಡ ಪಕ್ಕೆಯಡಿ ಇರುವ ಸ್ಪ್ಲೀನಿಗೆ ಪೆಟ್ಟಾಗಿ ರಕ್ತ ಸೋರಿದರೆ ಅದು ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯಾದ ವಪೆಯನ್ನು ಕೆರಳಿಸುತ್ತದೆ, ನೋವು ಎಡ ಹೆಗಲಲ್ಲಿ ಕಾಣಿಸಿಕೊಳ್ಳುತ್ತದೆ. ತಲೆ ಸುತ್ತು, ಬೆವರು ಜೊತೆಗಿದ್ದರಂತೂ ಒಂದು ನಿಮಿಷವೂ ತಡಮಾಡಬೇಡಿ.

## ಹಂತ 2: ಎಕ್ಸ್‌ರೇಗೆ ಮೊದಲು ಎರಡು ಮಾತು ಹೇಳಿ

ಮಾಮೂಲಿ ಹೆಗಲಿನ ಎಕ್ಸ್‌ರೇಯಲ್ಲಿ ಈ ಪುಟ್ಟ ಕೀಲು ಹಿಂದಿನ ಮೂಳೆಯ ನೆರಳಿನಲ್ಲಿ ಮುಚ್ಚಿಹೋಗುತ್ತದೆ. ಕಿರಣವನ್ನು 10ರಿಂದ 15 ಡಿಗ್ರಿ ಮೇಲ್ಮುಖವಾಗಿ ಓರೆಮಾಡಿ, ಶಕ್ತಿ ಕಡಿಮೆ ಮಾಡಿ ತೆಗೆದರೆ ಸ್ಪಷ್ಟವಾಗಿ ಕಾಣುತ್ತದೆ. ಇದಕ್ಕೆ ಜಾಂಕಾ ವ್ಯೂ ಎಂಬ ಹೆಸರಿದೆ. ರೋಗಿ ಇದನ್ನೆಲ್ಲ ಹೇಳಬೇಕಾಗಿಲ್ಲ. "ನೋವು ಎಸಿ ಜಾಯಿಂಟ್ ಮೇಲೆ ಇದೆ, ಎರಡೂ ಕಡೆಯದನ್ನು ಹೋಲಿಸಿ ನೋಡಬಹುದೇ" ಎಂದು ಡಾಕ್ಟರನ್ನು ಕೇಳಿದರೆ ಸಾಕು.

ಎರಡನೆಯದು, ಚಿತ್ರ ತೆಗೆಯುವಾಗ ನಿಂತಿರಬೇಕು ಅಥವಾ ಕುಳಿತಿರಬೇಕು, ಸ್ಲಿಂಗ್ ಕಳಚಿರಬೇಕು. ಮಲಗಿಸಿ ತೆಗೆದರೆ ತೋಳಿನ ಭಾರ ಇರುವುದಿಲ್ಲ, ಎದ್ದ ಮೂಳೆ ತನ್ನ ಜಾಗಕ್ಕೆ ಬಂದು ಕೂತಂತೆ ಕಾಣುತ್ತದೆ. "ಏನೂ ಆಗಿಲ್ಲ" ಎಂದು ಹೇಳಿಸಿಕೊಂಡು ಹೋದವರಲ್ಲಿ ಕೆಲವರಿಗಾದರೂ ಆಗಿರುವುದು ಇದೇ.

ಪೆಟ್ಟಿನ ದರ್ಜೆಗಳು ಆರು. ಮೊದಲನೆಯದರಲ್ಲಿ ಕೀಲಿನ ಮೇಲಿನ ಲಿಗಮೆಂಟ್ ಹಿಗ್ಗಿರುತ್ತದೆ ಅಷ್ಟೆ, ಮೂಳೆ ಅಲುಗಿರುವುದಿಲ್ಲ. ಎರಡನೆಯದರಲ್ಲಿ ಅದು ಹರಿದಿರುತ್ತದೆ, ಒಳಗಿನ ಗಟ್ಟಿ ಜೊತೆ ಹಿಗ್ಗಿದರೂ ಉಳಿದಿರುತ್ತದೆ. ಮೂರನೆಯದರಲ್ಲಿ ಎರಡೂ ಹರಿದು ಮೂಳೆಯ ತುದಿ ಎದ್ದು ಕಾಣುತ್ತದೆ. ನಾಲ್ಕರಿಂದ ಆರರವರೆಗಿನವು ಅಪರೂಪ. ಅವುಗಳಲ್ಲಿ ಮೂಳೆ ಹಿಂದಕ್ಕೆ, ತುಂಬ ಮೇಲಕ್ಕೆ ಅಥವಾ ಕೆಳಕ್ಕೆ ಸರಿದಿರುತ್ತದೆ. ಸಾಮಾನ್ಯವಾಗಿ ಆಪರೇಷನ್ ಬೇಕಾಗುತ್ತದೆ.

ಒಂದು ಮತ್ತು ಎರಡಕ್ಕೆ ಆಪರೇಷನ್ ಇಲ್ಲ. ಮೂರಕ್ಕೂ ಬಹಳಷ್ಟು ಮೂಳೆ ತಜ್ಞರು ಮೊದಲು ಸ್ಲಿಂಗ್ ಮತ್ತು ವ್ಯಾಯಾಮದ ದಾರಿಯನ್ನೇ ಹಿಡಿಯುತ್ತಾರೆ. ಆದರೂ ಮೂರು ಅಥವಾ ಅದಕ್ಕಿಂತ ಮೇಲಿನ ದರ್ಜೆ ಎಂದು ಬಂದರೆ ಒಂದು ವಾರದೊಳಗೆ ಮೂಳೆ ತಜ್ಞರನ್ನು ಕಾಣಿ. ಆಪರೇಷನ್ ಬೇಕೇ ಆದರೆ ಮೊದಲ ಎರಡು ಮೂರು ವಾರದಲ್ಲಿ ಮಾಡುವುದು ಸುಲಭ, ತಡವಾದಷ್ಟೂ ಕೆಲಸ ದೊಡ್ಡದು.

## ಹಂತ 3: ಬೇಕಾದ ಸಾಮಾನು

ಮೊಣಕೈಯನ್ನೂ ಮುಂಗೈಯನ್ನೂ ಪೂರ್ತಿ ಹೊರುವ ಚೀಲದಂತಹ ಆರ್ಮ್ ಪೌಚ್ ಒಂದು ಬೇಕು. ಕೊಳ್ಳುವಾಗ ಅಂದಾಜಿನ ಮೇಲೆ "ಮೀಡಿಯಂ" ಎಂದು ಕೇಳಬೇಡಿ. ಕೈಯನ್ನು ಲಂಬವಾಗಿ ಮಡಿಚಿ, ಮೊಣಕೈ ತುದಿಯಿಂದ ಕಿರುಬೆರಳಿನ ಬುಡದವರೆಗೆ ಟೇಪಿನಲ್ಲಿ ಅಳೆದುಕೊಂಡು ಹೋಗಿ. ಚೀಲದ ಉದ್ದ ಅಷ್ಟಿರಬೇಕು. ಚಿಕ್ಕದಾದರೆ ಮಣಿಕಟ್ಟು ಅಂಚಿನಿಂದ ಜೋತುಬಿದ್ದು ಬೇರೆಯೇ ನೋವು ಶುರುವಾಗುತ್ತದೆ.

ಅಂಗಡಿಯಲ್ಲಿ ಇನ್ನೆರಡು ಸಾಧನಗಳನ್ನು ಇದಕ್ಕೇ ಎಂದು ಕೊಟ್ಟುಬಿಡುತ್ತಾರೆ. ಒಂದು, ಕೊರಳು ಮತ್ತು ಮಣಿಕಟ್ಟನ್ನು ಮಾತ್ರ ಜೋಡಿಸುವ ಪಟ್ಟಿ. ಅದರಲ್ಲಿ ಮೊಣಕೈ ಕೆಳಗೆ ತೂಗಾಡುತ್ತದೆ. ತೋಳಿನ ಮೂಳೆ ಮುರಿದಾಗ ಆ ತೂಗಾಟವೇ ಬೇಕಾಗಬಹುದು, ಎಸಿ ಜಾಯಿಂಟಿಗೆ ಅದು ನೇರ ವೈರಿ. ಇನ್ನೊಂದು, ಎರಡೂ ಹೆಗಲನ್ನು ಹಿಂದಕ್ಕೆ ಎಳೆಯುವ ಕ್ಲಾವಿಕಲ್ ಬೆಲ್ಟ್. ಅದು ಕಾಲರ್ ಬೋನ್ ಮುರಿತಕ್ಕೆ ಕೊಡುವಂಥದ್ದು, ಅದರ ಪಟ್ಟಿ ನೋಯುವ ಕೀಲಿನ ಹತ್ತಿರವೇ ಒತ್ತುತ್ತದೆ. ಡಾಕ್ಟರ್ ಬೇರೆ ಕಾರಣಕ್ಕೆ ಬರೆದುಕೊಟ್ಟಿಲ್ಲದಿದ್ದರೆ ಎರಡನ್ನೂ ವಾಪಸ್ ಕೊಡಿ.

ಇದಲ್ಲದೆ ಎರಡು ದಿಂಬು, ಮಂಜುಗಡ್ಡೆ ಅಥವಾ ಫ್ರೀಜರಿನ ಬಟಾಣಿ ಪ್ಯಾಕೆಟ್, ಒಂದು ಸಣ್ಣ ಟವೆಲ್, ಮುಂದೆ ವ್ಯಾಯಾಮಕ್ಕೆ ಒಂದು ಕೋಲು ಅಥವಾ ಉದ್ದನೆಯ ಛತ್ರಿ, ವ್ಯಾಯಾಮದ ರಬ್ಬರ್ ಪಟ್ಟಿ, ಅರ್ಧ ಲೀಟರಿನ ನೀರಿನ ಬಾಟಲಿ. ಇಷ್ಟೇ ಸಾಕು.

ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ, ಮೊದಲ ಎರಡು ಮೂರು ದಿನ ಹಗಲಿನಲ್ಲಿ ಮೂರು ನಾಲ್ಕು ಸಲ. ನೋವಿಗೆ ವಯಸ್ಕರು 650 ಮಿ.ಗ್ರಾಂ ಪ್ಯಾರಸಿಟಮಾಲ್ ಅನ್ನು ಆರು ಗಂಟೆ ಅಂತರ ಬಿಟ್ಟು, ದಿನಕ್ಕೆ ನಾಲ್ಕು ಮೀರದಂತೆ ತೆಗೆದುಕೊಳ್ಳಬಹುದು. ಲಿವರ್ ತೊಂದರೆ ಇರುವವರು, ದಿನಾ ಕುಡಿಯುವವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು. ನೆಗಡಿ ಮಾತ್ರೆಯಲ್ಲೂ ಪ್ಯಾರಸಿಟಮಾಲ್ ಇರುತ್ತದೆ, ಎರಡೂ ಸೇರಿ ಲೆಕ್ಕ ಮೀರದಿರಲಿ. ಐಬುಪ್ರೊಫೆನ್, ಡಿಕ್ಲೊಫೆನಾಕ್ ತರಹದವನ್ನು ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ರಕ್ತ ತೆಳುವಾಗಿಸುವ ಮಾತ್ರೆ ಇರುವವರು ಸ್ವಂತ ತೀರ್ಮಾನದಲ್ಲಿ ನುಂಗಬಾರದು.

ಇನ್ನು ಎಣ್ಣೆ ಹಚ್ಚಿ ನೀವಿಸುವುದು, "ಎದ್ದಿರುವ ಮೂಳೆಯನ್ನು ಕೂರಿಸುತ್ತೇನೆ" ಎನ್ನುವವರ ಕೈಗೆ ಹೆಗಲು ಕೊಡುವುದು, ಬಿಗಿಯಾಗಿ ಕಟ್ಟು ಹಾಕಿಸುವುದು. ಒತ್ತಿದಾಗ ಮೂಳೆ ಕೂರುತ್ತದೆ, ನಿಜ. ಕೈ ತೆಗೆದ ಮರುಕ್ಷಣ ಮತ್ತೆ ಏಳುತ್ತದೆ, ಏಕೆಂದರೆ ಅದನ್ನು ಹಿಡಿಯುವ ಲಿಗಮೆಂಟ್ ಹರಿದಿದೆ. ಎಳೆದು ತಿರುವಿದ್ದರಿಂದ ಅರ್ಧ ಹರಿದದ್ದು ಇನ್ನಷ್ಟು ಹರಿದರೆ ಅದೇ ಲಾಭ!

## ಹಂತ 4: ಸ್ಲಿಂಗ್ ಕಟ್ಟುವ ಕ್ರಮ

ಹೆಚ್ಚಿನವರು ಎಡವುವುದು ಇಲ್ಲಿಯೇ. ನಿಧಾನವಾಗಿ, ಇನ್ನೊಬ್ಬರ ಸಹಾಯದಿಂದ ಮಾಡಿ.

1. ಕೈಯಿರುವ ಕುರ್ಚಿಯಲ್ಲಿ ಕುಳಿತು, ಪೆಟ್ಟಾದ ಕಡೆಯ ಮುಂಗೈಯನ್ನು ದಿಂಬಿನ ಮೇಲಿಡಿ. ಉಂಗುರ, ಬಳೆ, ವಾಚು ತೆಗೆದುಬಿಡಿ, ಕೈ ಊದಿಕೊಂಡರೆ ಆಮೇಲೆ ಬರುವುದಿಲ್ಲ.

2. ಸಹಾಯಕರು ಮೊಣಕೈ ಕೆಳಗೆ ಅಂಗೈ ಕೊಟ್ಟು ತೋಳನ್ನು ಮೆಲ್ಲಗೆ ಮೇಲಕ್ಕೆ ಹೊರಲಿ. ಎಲ್ಲಿ ನೋವು ಇಳಿಯಿತು ಎನಿಸುತ್ತದೋ ಆ ಎತ್ತರವನ್ನು ನೆನಪಿಟ್ಟುಕೊಳ್ಳಿ. ಸ್ಲಿಂಗ್ ನಿಮ್ಮ ತೋಳನ್ನು ಹೊರಬೇಕಾದದ್ದು ಅಷ್ಟು ಎತ್ತರಕ್ಕೆ.

3. ಪೌಚನ್ನು ಕೆಳಗಿನಿಂದ ತಂದು ಮೊಣಕೈ ಚೀಲದ ಮೂಲೆಗೆ ಪೂರ್ತಿ ತಾಗುವವರೆಗೆ ಹಿಂದಕ್ಕೆ ಸೇರಿಸಿ. ಮೂಲೆಯಲ್ಲಿ ಎರಡು ಬೆರಳು ಹೋಗುವಷ್ಟು ಜಾಗ ಉಳಿದರೂ ಮೊಣಕೈಗೆ ಆಸರೆ ಸಿಕ್ಕಿಲ್ಲ, ಭಾರವೆಲ್ಲ ಮಣಿಕಟ್ಟಿನ ಮೇಲಿದೆ ಎಂದರ್ಥ.

4. ಪಟ್ಟಿ ಮೊಣಕೈ ಕಡೆಯಿಂದ ಹೊರಟು, ಬೆನ್ನ ಹಿಂದೆ ಅಡ್ಡ ಹಾದು, ಚೆನ್ನಾಗಿರುವ ಹೆಗಲ ಮೇಲೆ ಬಂದು, ಎದೆಯ ಮುಂದೆ ಇಳಿದು ಮಣಿಕಟ್ಟಿನ ಕಡೆಗೆ ಸೇರಲಿ. ನೋಯುವ ಹೆಗಲ ತುದಿಯ ಮೇಲೆ ಪಟ್ಟಿ ಹಾಯಲೇಬಾರದು. ಕೊರಳಿನ ಪಕ್ಕದಲ್ಲಿ ಒತ್ತಿದರೆ ಮಡಿಚಿದ ಟವೆಲ್ ಇಡಿ.

5. ಈಗ ಪಟ್ಟಿಯನ್ನು ಬಿಗಿ ಮಾಡುತ್ತಾ ಬನ್ನಿ. ಮೊಣಕೈ ಲಂಬವಾಗಿ ಮಡಿಚಿದ್ದು, ಅಂಗೈ ಮೊಣಕೈಗಿಂತ ಎರಡು ಮೂರು ಬೆರಳಿನಷ್ಟು ಮೇಲಿದ್ದರೆ ಸರಿ. ಬೆರಳುಗಳು ಹೊರಗೆ ಕಾಣುತ್ತಿರಲಿ.

6. ಸಹಾಯಕರು ಮೆಲ್ಲಗೆ ಕೈ ಬಿಡಲಿ. ಆ ಕ್ಷಣಕ್ಕೆ ಹೆಗಲ ತುದಿ ಮತ್ತೆ ಜಗ್ಗಿದಂತಾದರೆ ಪಟ್ಟಿ ಸಡಿಲ. ಜಗ್ಗದಿದ್ದರೆ ಎದ್ದು ನಿಂತು ಕನ್ನಡಿ ನೋಡಿ. ಹೆಗಲು ಕಿವಿಯ ಕಡೆಗೆ ಏರಿ ಕುಳಿತಿದ್ದರೆ ಪಟ್ಟಿ ಅತಿಯಾಗಿ ಬಿಗಿಯಾಗಿದೆ, ಅರ್ಧ ದಿನದಲ್ಲಿ ಕುತ್ತಿಗೆ ನೋವು ಬರುತ್ತದೆ.

ಪೌಚ್ ಸಿಗುವವರೆಗೆ ದೊಡ್ಡ ಹತ್ತಿ ಶಾಲು ಅಥವಾ ಪಂಚೆಯಿಂದಲೂ ಹೀಗೆಯೇ ಕಟ್ಟಬಹುದು. ಮೊಣಕೈ ಬಟ್ಟೆಯ ಮಡಿಲಲ್ಲಿ ಕೂರಬೇಕು, ಒಂದು ತುದಿ ಬೆನ್ನ ಹಿಂದಿನಿಂದ ಬರಬೇಕು, ಗಂಟು ಚೆನ್ನಾಗಿರುವ ಹೆಗಲಿನ ಮುಂದೆ ಬರಬೇಕು. ಕುತ್ತಿಗೆಯ ಹಿಂಬದಿಯ ಮೂಳೆಯ ಮೇಲೆ ಗಂಟು ಹಾಕಬೇಡಿ.

ಪಟ್ಟಿ ದಿನವಿಡೀ ಜಾರುತ್ತಲೇ ಇರುತ್ತದೆ. ನಮ್ಮ ಟೀಚರ್‌ಗೆ ಬೆಳಿಗ್ಗೆ ಆರಾಮ ಇದ್ದು ಮಧ್ಯಾಹ್ನ ಮೂರಕ್ಕೆ ನೋವು ಏರುತ್ತಿತ್ತು. ಗಾಯ ಉಲ್ಬಣಿಸಿದೆ ಎಂದು ಅವರು ಹೆದರಿದ್ದರು. ನೋಡಿದರೆ ಅಂಗೈ ಮೊಣಕೈಗಿಂತ ಕೆಳಗೆ ಇಳಿದಿತ್ತು, ಅಷ್ಟೆ. ಬಕಲ್ ಇರುವಲ್ಲಿ ಪಟ್ಟಿಯ ಮೇಲೆ ಪೆನ್ನಿನಿಂದ ಗೆರೆ ಹಾಕಿಕೊಂಡು, ಊಟದ ಹೊತ್ತಿಗೊಮ್ಮೆ ನೋಡಿ ಸರಿಮಾಡಿಕೊಂಡ ಮೇಲೆ ಆ ಮೂರು ಗಂಟೆಯ ನೋವು ಹೋಯಿತು.

ಬೆರಳು ಜೋಮು ಹಿಡಿಯುವುದು, ಊದುವುದು, ನೀಲಿಯಾಗುವುದು ಕಂಡರೆ ಸ್ಲಿಂಗ್ ಬಿಚ್ಚಿ ಕೈಯನ್ನು ದಿಂಬಿನ ಮೇಲಿಡಿ. ಹತ್ತು ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಡಾಕ್ಟರನ್ನು ಕಾಣಿ.

## ಹಂತ 5: ಮಲಗುವುದು, ಸ್ನಾನ, ಬಟ್ಟೆ

ಮೊದಲ ಕೆಲವು ರಾತ್ರಿ ಚಪ್ಪಟೆಯಾಗಿ ಮಲಗುವುದಕ್ಕಿಂತ ಬೆನ್ನಿಗೆ ದಿಂಬು ಕೊಟ್ಟು ಅರ್ಧ ಒರಗಿ ಮಲಗಿದರೆ ನಿದ್ದೆ ಬರುತ್ತದೆ. ಎರಡನೇ ದಿಂಬನ್ನು ಮೊಣಕೈ ಮತ್ತು ತೋಳಿನ ಕೆಳಗೆ ಇಡಿ, ತೋಳು ಹಾಸಿಗೆಯ ಕಡೆಗೆ ಹಿಂದಕ್ಕೆ ಬೀಳಬಾರದು. ಪೆಟ್ಟಾದ ಮಗ್ಗುಲಿಗೆ ಮಲಗುವುದನ್ನು ಒತ್ತಿದರೆ ನೋಯದ ದಿನದವರೆಗೂ ಬಿಡಿ. ಕೆಲವರಿಗೆ ಅದು ಎಲ್ಲಕ್ಕಿಂತ ಕೊನೆಗೆ ಮರಳಿ ಬರುವ ಸುಖ.

ಬಟ್ಟೆ ಹಾಕುವಾಗ ನೋಯುವ ಕೈಯನ್ನು ಮೊದಲು ಅಂಗಿಯ ತೋಳಿಗೆ ತೂರಿಸಿ, ತೆಗೆಯುವಾಗ ಅದನ್ನು ಕೊನೆಗೆ ಹೊರತನ್ನಿ. ತಲೆಯ ಮೇಲಿಂದ ಹಾಕುವ ಬನಿಯನ್, ಕುರ್ತಾ ಸದ್ಯಕ್ಕೆ ಬೇಡ. ಮುಂದೆ ಗುಂಡಿಯಿರುವ ಅಂಗಿ ಅಥವಾ ರವಿಕೆ ಒಳ್ಳೆಯದು. ಹೆಂಗಸರಿಗೆ ಒಳ ಉಡುಪಿನ ಪಟ್ಟಿ ಸರಿಯಾಗಿ ಆ ಕೀಲಿನ ಪಕ್ಕದಲ್ಲೇ ಒತ್ತುತ್ತದೆ. ಆ ಕಡೆಯ ಪಟ್ಟಿಯನ್ನು ಕೆಲವು ದಿನ ಇಳಿಬಿಡಿ. ಸೆರಗಿನ ಪಿನ್ನು, ಹೆಗಲ ಚೀಲ ಇನ್ನೊಂದು ಕಡೆಗೆ ಹೋಗಲಿ. ಬೆನ್ನ ಹಿಂದೆ ಕೈ ಒಯ್ದು ಹುಕ್ ಹಾಕುವುದು, ಜಡೆ ಹೆಣೆಯುವುದು ಮನೆಯವರ ಪಾಲಿಗಿರಲಿ.

ಸ್ನಾನಕ್ಕೆ ಸ್ಲಿಂಗ್ ತೆಗೆಯಲೇಬೇಕು. ಕಂಕುಳು ತೊಳೆಯಲು ಕೈ ಎತ್ತಬೇಡಿ. ಅಂಗೈಯನ್ನು ಸ್ಟೂಲಿನ ಮೇಲೂರಿ ಸೊಂಟದಿಂದ ಮುಂದಕ್ಕೆ ಬಾಗಿದರೆ ಕಂಕುಳು ತಾನಾಗಿ ತೆರೆದುಕೊಳ್ಳುತ್ತದೆ. ಚೆನ್ನಾಗಿ ಒರೆಸಿ, ಒಣಗಿದ ತೆಳು ಬಟ್ಟೆ ಇಟ್ಟು ಸ್ಲಿಂಗ್ ಹಾಕಿ. ನಮ್ಮ ಸೆಕೆಯಲ್ಲಿ ಇದನ್ನು ಮರೆತವರಿಗೆ ಒಂದೇ ವಾರದಲ್ಲಿ ತುರಿಕೆ ಗ್ಯಾರಂಟಿ.

## ಹಂತ 6: ಸ್ಲಿಂಗ್‌ನಲ್ಲಿರುವಾಗಲೇ ಶುರುವಾಗುವ ಚಲನೆ

ಮೊದಲ ದಿನದಿಂದಲೇ ಬೆರಳು ಮುಷ್ಟಿ ಕಟ್ಟಿ ಬಿಡುವುದು, ಮಣಿಕಟ್ಟು ತಿರುಗಿಸುವುದು, ದಿನಕ್ಕೆ ನಾಲ್ಕು ಸಲ ಹತ್ತು ಹತ್ತು. ಮೊಣಕೈಯನ್ನು ನೀಟಬೇಕು, ಆದರೆ ನಿಂತುಕೊಂಡು ಕೈ ಇಳಿಬಿಟ್ಟು ಮಾಡಬೇಡಿ. ಕುಳಿತು, ತೋಳನ್ನು ದಿಂಬಿನ ಮೇಲಿಟ್ಟು ನೀಟಿ, ಮಡಿಚಿ. ಜೊತೆಗೆ ಎರಡೂ ರೆಕ್ಕೆ ಮೂಳೆಗಳನ್ನು ಮೆಲ್ಲಗೆ ಹಿಂದಕ್ಕೆ ಸೇರಿಸಿ ಐದು ಸೆಕೆಂಡ್ ಹಿಡಿಯಿರಿ.

ಮೂರು ನಾಲ್ಕು ದಿನ ಕಳೆದು ನೋವಿನ ಮೊನೆ ಮುರಿದ ಮೇಲೆ ಹೆಗಲನ್ನೇ ಆಡಿಸುವುದು. ಮೇಜಿನ ಮೇಲೆ ಟವೆಲ್ ಹಾಸಿ, ಅಂಗೈ ಅದರ ಮೇಲಿಟ್ಟು, ದೇಹವನ್ನು ಮುಂದಕ್ಕೆ ಬಾಗಿಸುತ್ತಾ ಟವೆಲನ್ನು ಜಾರಿಸಿ ವಾಪಸ್ ತನ್ನಿ. ಹತ್ತು ಸಲ. ಬಾಗಿ ನಿಂತು ಕೈಯನ್ನು ಲೋಲಕದಂತೆ ತೂಗಾಡಿಸುವ ವ್ಯಾಯಾಮವನ್ನೂ ಹೇಳಿಕೊಡುತ್ತಾರೆ. ಕೆಲವರಿಗೆ ಹಿತ, ಆದರೆ ತೋಳು ಜೋತಾಗ ಹೆಗಲ ತುದಿ ಜಗ್ಗುವವರಿಗೆ ಮೇಜಿನ ವ್ಯಾಯಾಮವೇ ಮೇಲು.

ನೋವನ್ನು ಅಳೆಯಲು ಒಂದು ಸರಳ ಲೆಕ್ಕ ಇಟ್ಟುಕೊಳ್ಳಿ. ಸೊನ್ನೆ ಅಂದರೆ ನೋವಿಲ್ಲ, ಹತ್ತು ಅಂದರೆ ತಡೆಯಲಾಗದ್ದು. ವ್ಯಾಯಾಮದ ವೇಳೆ ಮೂರರವರೆಗೆ ನಡೆಯುತ್ತದೆ. ಮರುದಿನ ಬೆಳಿಗ್ಗೆ ಹಿಂದಿನ ದಿನಕ್ಕಿಂತ ಹೆಚ್ಚು ನೋಯುತ್ತಿದ್ದರೆ ಹಿಂದಿನ ದಿನ ಮಾಡಿದ್ದು ಜಾಸ್ತಿಯಾಯಿತು. ಒಂದು ಮೆಟ್ಟಿಲು ಇಳಿಯಿರಿ, ಪೂರ್ತಿ ನಿಲ್ಲಿಸಬೇಡಿ.

## ಹಂತ 7: ಸ್ಲಿಂಗ್ ಬಿಡುವುದು

ಒಂದನೇ ದರ್ಜೆಗೆ ಸ್ಲಿಂಗ್ ಕೆಲವು ದಿನದಿಂದ ಒಂದು ವಾರ, ಎರಡನೆಯದಕ್ಕೆ ಸುಮಾರು ಒಂದರಿಂದ ಎರಡು ವಾರ, ಮೂರನೆಯದಕ್ಕೆ ಎರಡು ಮೂರು ವಾರ ಬೇಕಾಗುತ್ತದೆ. ಕ್ಯಾಲೆಂಡರಿಗಿಂತ ಹೆಗಲನ್ನು ಕೇಳುವುದು ಒಳ್ಳೆಯದು: ಕುಳಿತು ಸ್ಲಿಂಗ್ ತೆಗೆದು ಐದು ನಿಮಿಷ ಕೈಯನ್ನು ಪಕ್ಕದಲ್ಲಿ ಇಳಿಬಿಡಿ. ಜಗ್ಗುವ ನೋವು ಬರದಿದ್ದರೆ ಬಿಡುವ ಕಾಲ ಬಂದಿದೆ.

ಒಮ್ಮೆಲೇ ಬಿಡಬೇಡಿ. ಮೊದಲು ಮನೆಯಲ್ಲಿ ಕುಳಿತಿರುವಾಗ, ಆಮೇಲೆ ಮನೆಯೊಳಗೆ ಓಡಾಡುವಾಗ, ಕೊನೆಗೆ ಹೊರಗೆ. ಬಸ್ಸು, ಸಂತೆ, ಮದುವೆ ಮನೆ ಇಂಥಲ್ಲಿಗೆ ಇನ್ನೂ ನಾಲ್ಕಾರು ದಿನ ಹಾಕಿಕೊಂಡೇ ಹೋಗಿ. ತೋಳನ್ನು ಹೊರುವುದಕ್ಕಲ್ಲ, ಜನ ಹೆಗಲಿಗೆ ಗುದ್ದದಿರಲಿ ಎಂದು.

ನಮ್ಮ ಟೀಚರ್ ಹತ್ತನೇ ದಿನಕ್ಕೆ ಮನೆಯೊಳಗೆ ಸ್ಲಿಂಗ್ ಬಿಟ್ಟರು, ಎರಡು ವಾರ ತುಂಬುವಾಗ ಶಾಲೆಗೂ ಸ್ಲಿಂಗ್ ಇಲ್ಲದೆ ಹೋದರು. ಬಂಧುಗಳು ಇನ್ನೊಂದು ತಿಂಗಳು ಹಾಕಿಕೊಳ್ಳಿ ಎಂದು ಒತ್ತಾಯಿಸಿದ್ದರು. ಅವರ ಮಾತು ಕೇಳಬಾರದು ಎನ್ನುವುದಕ್ಕೆ ಗಟ್ಟಿ ಕಾರಣವಿತ್ತು. ಸಕ್ಕರೆ ಕಾಯಿಲೆ ಇರುವವರಿಗೆ, ನಲವತ್ತು ದಾಟಿದವರಿಗೆ ಹೆಗಲು ಸುಮ್ಮನಿದ್ದರೆ ಅದು ಮರಗಟ್ಟುವ ಫ್ರೋಜನ್ ಶೋಲ್ಡರ್ ಆಗುವ ಅಪಾಯ ಹೆಚ್ಚು. ಆಮೇಲೆ ಅದು ಬಿಡಲು ತಿಂಗಳುಗಳಲ್ಲ, ವರ್ಷವೂ ಹಿಡಿಯಬಹುದು. ಅದರ ಮೊದಲ ಗುರುತು ಇದು: ಮೊಣಕೈಯನ್ನು ಪಕ್ಕೆಗೆ ಅಂಟಿಸಿಟ್ಟು ಮುಂಗೈಯನ್ನು ಹೊರಕ್ಕೆ ತಿರುಗಿಸಿ. ಇನ್ನೊಬ್ಬರು ಹಿಡಿದು ಮೆಲ್ಲಗೆ ತಿರುಗಿಸಿದರೂ ಇನ್ನೊಂದು ಕಡೆಯ ಅರ್ಧದಷ್ಟೂ ಹೋಗದಿದ್ದರೆ ಕೂಡಲೇ ಫಿಸಿಯೋಥೆರಪಿಸ್ಟ್ ಅಥವಾ ಮೂಳೆ ತಜ್ಞರಿಗೆ ತೋರಿಸಿ.

## ಹಂತ 8: ಚಲನೆಯಿಂದ ಬಲಕ್ಕೆ

ಮೊದಲು ಕೈ ಪೂರ್ತಿ ಆಡಬೇಕು, ಆಮೇಲೆ ಭಾರ. ಈ ಕ್ರಮ ತಿರುಗಿಸಬೇಡಿ.

ಬೆನ್ನ ಮೇಲೆ ಮಲಗಿ, ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ಒಳ್ಳೆಯ ಕೈಯ ಬಲದಿಂದ ಎರಡನ್ನೂ ಮೇಲೆತ್ತಿ. ಮೊದಲ ಎರಡು ಮೂರು ವಾರ ಕೋಲು ಎದೆಯ ನೇರಕ್ಕೆ ಬಂದರೆ ಸಾಕು, ಆಮೇಲೆ ತಲೆಯ ಕಡೆಗೆ. ಕೈಯನ್ನು ಎದೆಗೆ ಅಡ್ಡ ಒಯ್ಯುವುದನ್ನೂ ಬೆನ್ನ ಹಿಂದೆ ಒಯ್ಯುವುದನ್ನೂ ಕೊನೆಗೆ ಉಳಿಸಿಕೊಳ್ಳಿ, ಕೀಲು ಅತಿ ಹೆಚ್ಚು ಒತ್ತಲ್ಪಡುವುದು ಅವುಗಳಲ್ಲಿ.

ನೋವಿಲ್ಲದೆ ಕೈ ಹೆಗಲೆತ್ತರಕ್ಕೆ ಹೋಗತೊಡಗಿದಾಗ ಗೋಡೆ ವ್ಯಾಯಾಮ. ಮೊಣಕೈ ಮಡಿಚಿ, ಮುಷ್ಟಿಯನ್ನು ಗೋಡೆಗೆ ಒತ್ತಿ ಐದು ಸೆಕೆಂಡ್ ಹಿಡಿಯಿರಿ. ಮುಂದಕ್ಕೆ, ಪಕ್ಕಕ್ಕೆ, ಹೊರಕ್ಕೆ ಹತ್ತು ಹತ್ತು ಸಲ. ಪೂರ್ತಿ ಬಲ ಹಾಕಬೇಡಿ, ಮೂರನೇ ಒಂದರಷ್ಟು ಸಾಕು.

ಇದು ಹಗುರವಾದ ಮೇಲೆ ರಬ್ಬರ್ ಪಟ್ಟಿಯನ್ನು ಕಿಟಕಿ ಸರಳಿಗೆ ಕಟ್ಟಿ ಮೊಣಕೈಗಳನ್ನು ಹಿಂದಕ್ಕೆ ಎಳೆಯಿರಿ. ಮೊಣಕೈ ಮತ್ತು ಪಕ್ಕೆಯ ನಡುವೆ ಸುರುಳಿ ಟವೆಲ್ ಇಟ್ಟು, ಮುಂಗೈಯನ್ನು ಹೊರಕ್ಕೆ ಎಳೆಯಿರಿ. ದಿನ ಬಿಟ್ಟು ದಿನ, ಹನ್ನೆರಡರಂತೆ ಮೂರು ಸುತ್ತು. ಆಮೇಲೆ ಅರ್ಧ ಲೀಟರಿನ ಬಾಟಲಿ, ಅಂದರೆ ಅರ್ಧ ಕೆ.ಜಿ., ಅಲ್ಲಿಂದ ಒಂದು ಲೀಟರ್.

ಮನೆಗೆಲಸದಲ್ಲಿ ಅತಿ ಕೆಟ್ಟದ್ದು ಬಕೆಟ್. 15 ಲೀಟರಿನ ತುಂಬಿದ ಬಕೆಟ್ ಅಂದರೆ 15 ಕೆ.ಜಿ. ತೋಳನ್ನು ನೇರ ಕೆಳಕ್ಕೆ ಎಳೆಯುತ್ತದೆ, ಹರಿದ ಲಿಗಮೆಂಟ್ ತಡೆಯಬೇಕಾದದ್ದು ಅದೇ ಎಳೆತವನ್ನು. ಎರಡನೇ ದರ್ಜೆಯವರು ಆರು ವಾರ ಅದನ್ನು ಮುಟ್ಟದಿರುವುದು ಕ್ಷೇಮ. ಮೂರನೆಯವರಿಗೆ ಮೂರು ತಿಂಗಳು ಬೇಕಾಗಬಹುದು. ಚಪಾತಿ ಲಟ್ಟಿಸುವುದು ನಾಲ್ಕನೇ ವಾರದ ಹೊತ್ತಿಗೆ ಸಾಮಾನ್ಯವಾಗಿ ಒಗ್ಗುತ್ತದೆ, ಅಟ್ಟದಿಂದ ಕುಕ್ಕರ್ ಇಳಿಸುವುದು ಒಗ್ಗುವುದಿಲ್ಲ. ನಮ್ಮ ಟೀಚರ್ ಕಪ್ಪುಹಲಗೆಯಲ್ಲಿ ಕಣ್ಣಿನ ಮಟ್ಟಕ್ಕಿಂತ ಮೇಲೆ ಬರೆಯುವುದನ್ನು ಬಿಟ್ಟು ಕೆಳಗಿನ ಅರ್ಧವನ್ನೇ ಬಳಸಿದರು. ಹಿಂದಿನ ಬೆಂಚಿನ ಮಕ್ಕಳು ಎದ್ದು ನಿಂತು ಓದಿಕೊಂಡರು, ಅದರಿಂದ ಯಾರಿಗೂ ನಷ್ಟವಾಗಲಿಲ್ಲ.

## ಹಂತ 9: ಸ್ಕೂಟರ್ ಮತ್ತು ಆಟ

ಸ್ಲಿಂಗ್ ಹಾಕಿಕೊಂಡು ಗಾಡಿ ಓಡಿಸಬಾರದು, ಹತ್ತಿರದ ಅಂಗಡಿಗೂ ಕೂಡ. ಬಿಟ್ಟ ಮೇಲೂ ಮೊದಲು ನಿಂತ ಗಾಡಿಯಲ್ಲಿ ಪರೀಕ್ಷಿಸಿ. ಹ್ಯಾಂಡಲನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿ, ಬ್ರೇಕನ್ನು ತಟ್ಟನೆ ಗಟ್ಟಿಯಾಗಿ ಹಿಡಿಯಿರಿ, ತಿರುಗಿ ಹಿಂದೆ ನೋಡಿ. ಎಲ್ಲೂ ಚಳುಕು ಬರದಿದ್ದರೆ ಖಾಲಿ ರಸ್ತೆಯಲ್ಲಿ ಸ್ವಲ್ಪ ದೂರ. ಎರಡನೇ ದರ್ಜೆಯವರಿಗೆ ಇದು ನಾಲ್ಕರಿಂದ ಆರು ವಾರದ ಹೊತ್ತಿಗೆ ಸಾಧ್ಯವಾಗುತ್ತದೆ. ಮೇನ್ ಸ್ಟ್ಯಾಂಡ್ ಹಾಕುವುದು ಓಡಿಸುವುದಕ್ಕಿಂತ ಕಷ್ಟ, ಅಲ್ಲಿಯವರೆಗೆ ಸೈಡ್ ಸ್ಟ್ಯಾಂಡ್.

ಕಬಡ್ಡಿ, ಕುಸ್ತಿ ಆಡುವವರು ನೋವಿಲ್ಲದೆ ಕೈಯನ್ನು ಎದೆಗೆ ಅಡ್ಡ ಒಯ್ಯುವುದು, ದಂಡ ಹೊಡೆಯುವುದು, ಎರಡೂ ಕಡೆ ಒಂದೇ ಬಲ ಇವು ಮೂರೂ ಬಂದ ಮೇಲೆಯೇ ಮಣ್ಣಿಗೆ ಇಳಿಯಲಿ. ಅದೇ ಹೆಗಲ ಮೇಲೆ ಎರಡನೇ ಸಲ ಬಿದ್ದರೆ ಎರಡನೇ ದರ್ಜೆ ಮೂರಾಗುವುದು ಕಷ್ಟವೇನಲ್ಲ.

## ಮತ್ತೆ ಡಾಕ್ಟರನ್ನು ಕಾಣಬೇಕಾದ ಗುರುತುಗಳು

ಎರಡು ಮೂರು ವಾರದ ನಂತರವೂ ನೀವಾಗಿ ಕೈ ಎತ್ತಲಾಗುತ್ತಿಲ್ಲ, ಆದರೆ ಇನ್ನೊಬ್ಬರು ಎತ್ತಿದರೆ ಸುಲಭವಾಗಿ ಹೋಗುತ್ತದೆ ಎಂದರೆ ಹೆಗಲೊಳಗಿನ ರೊಟೇಟರ್ ಕಫ್ ಸ್ನಾಯುರಜ್ಜು ಹರಿದಿರಬಹುದು. ನಲವತ್ತು ದಾಟಿ ಬಿದ್ದವರಲ್ಲಿ ಇದನ್ನು ಮರೆಯಬಾರದು. ಮೊದಲ ಎಕ್ಸ್‌ರೇಯಲ್ಲಿ ಇದು ಕಾಣುವುದಿಲ್ಲ, ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಅಥವಾ ಎಂಆರ್‌ಐ ಬೇಕು.

ಆರು ವಾರ ಕಳೆದರೂ ನೋವು ಇಳಿಮುಖವಾಗದಿದ್ದರೆ, ಮೂಳೆ ಕ್ಲಿಕ್ ಎಂದು ಹಿಂದೆ ಮುಂದೆ ಸರಿಯುವುದು ನೋವಿನೊಂದಿಗೆ ಆಗುತ್ತಿದ್ದರೆ, ಅಥವಾ ಮೂರನೇ ದರ್ಜೆಯವರಿಗೆ ಮೂರು ತಿಂಗಳಾದರೂ ಕೆಲಸಕ್ಕೆ ಬಲ ಬರದಿದ್ದರೆ ಆಪರೇಷನ್ ಮಾತನ್ನು ಮತ್ತೆ ಎತ್ತಬಹುದು.

ಹೆಗಲ ಮೇಲಿನ ಗಂಟು ಮಾತ್ರ ಉಳಿದು, ನೋವಿಲ್ಲದೆ, ಕೈ ಪೂರ್ತಿ ಆಡುತ್ತಿದ್ದರೆ ಅದಕ್ಕೆ ಚಿಕಿತ್ಸೆ ಬೇಡ. ವ್ಯಾಯಾಮದಿಂದ ಗಂಟು ಕರಗುವುದಿಲ್ಲ, ಎಣ್ಣೆಯಿಂದಲೂ ಇಲ್ಲ. ಆಪರೇಷನ್ ಮಾಡಿಸಿದರೆ ಅದರ ಜಾಗದಲ್ಲಿ ಒಂದು ಗಾಯದ ಗೆರೆ ಬರುತ್ತದೆ.

ಜಿಮ್ ಹುಡುಗರಲ್ಲಿ ತಿಂಗಳುಗಳ ನಂತರ ನೋವು ಮತ್ತೆ ತಲೆಯೆತ್ತುವುದುಂಟು. ಬೆಂಚ್ ಪ್ರೆಸ್ಸಿನಲ್ಲಿ ಬಾರ್ ಎದೆಗೆ ತಾಗುವಾಗ ಹೆಗಲ ತುದಿ ಚುಚ್ಚುತ್ತಿದ್ದರೆ ಕಾಲರ್ ಬೋನಿನ ತುದಿ ಸವೆಯುತ್ತಿರಬಹುದು. ಬಾರನ್ನು ಎದೆಯವರೆಗೆ ಇಳಿಸುವುದನ್ನೂ ಡಿಪ್ಸ್ ಹೊಡೆಯುವುದನ್ನೂ ನಿಲ್ಲಿಸಿ ಎಕ್ಸ್‌ರೇ ತೆಗೆಸಿ. ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತೇವೆಂದರೆ, ಅದು ಕೊಡುವ ಆರಾಮದ ಬಲದ ಮೇಲೆ ಅದೇ ಭಾರವನ್ನು ಮತ್ತೆ ಎತ್ತಲು ಹೋಗಬೇಡಿ.